20 ಆಂತರಿಕ, 80 ಲಿಖಿತ: ಮೌಲ್ಯಮಾಪನದ ಸೆಮಿನಾರಿನಲ್ಲಿ ಏನು ತೋರಿಸಬಹುದು?

ಪ್ರಶ್ನೆ: ಮೇಡಂ, ನಾನು ಬಿ.ಎಡ್. ವಿದ್ಯಾರ್ಥಿನಿ. "ನಿರಂತರ ಮೌಲ್ಯಮಾಪನ ಮತ್ತು ವರ್ಷಾಂತ್ಯದ ಒಂದೇ ಪರೀಕ್ಷೆ: ಗುಣದೋಷಗಳ ತುಲನೆ" ಅಂತ ಸೆಮಿನಾರ್ ವಿಷಯ ಕೊಟ್ಟಿದ್ದಾರೆ. 20 ನಿಮಿಷ ಮಾತಾಡಬೇಕು, ಆಮೇಲೆ ಪ್ರಶ್ನೆ ಕೇಳ್ತಾರೆ. ಗುಣ, ದೋಷ ಅಂತ ಎರಡು ಕಾಲಂ ಮಾಡಿಟ್ಟುಕೊಂಡಿದ್ದೀನಿ. ಆದರೆ ಹಿಂದಿನ ಬ್ಯಾಚಿನವರೂ ಇದನ್ನೇ ಹೇಳಿ ಹೋಗಿದ್ದಾರಂತೆ. ಬೇರೆ ಹೇಗೆ ಮಾಡಬಹುದು?

ಉತ್ತರ: ಆ ಎರಡು ಕಾಲಂ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ, ಪರದೆಯ ಮೇಲೆ ಬೇಡ. "ಒತ್ತಡ ಕಡಿಮೆಯಾಗುತ್ತದೆ", "ಸರ್ವಾಂಗೀಣ ಬೆಳವಣಿಗೆಯಾಗುತ್ತದೆ" ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ಯಾರೂ ಇಲ್ಲವೆನ್ನದ ಮಾತಿನ ಮೇಲೆ ಪ್ರಶ್ನೆಯೂ ಹುಟ್ಟುವುದಿಲ್ಲ. ನಾನಾಗಿದ್ದರೆ ಒಂದೇ ಉದಾಹರಣೆ ಹಿಡಿಯುತ್ತಿದ್ದೆ. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನೀವು ಹೋಲಿಸಬೇಕಾದ ಎರಡೂ ಪದ್ಧತಿಗಳು ಪಕ್ಕಪಕ್ಕದಲ್ಲೇ ಕುಳಿತಿವೆ. ಪ್ರಥಮ ಭಾಷೆಗೆ 100 ಲಿಖಿತ, 25 ಆಂತರಿಕ. ಉಳಿದ ಐದು ವಿಷಯಗಳಿಗೆ 80 ಲಿಖಿತ, 20 ಆಂತರಿಕ. ಒಟ್ಟು 625. ಸಭೆಯಲ್ಲಿ ಕೂತವರಿಗೆಲ್ಲ ಈ ಅಂಕಪಟ್ಟಿ ಗೊತ್ತು, ಹಾಗಾಗಿ ಪೀಠಿಕೆ ಹಾಕುವ ಸಮಯವೂ ಉಳಿಯುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ವರ್ಷಕ್ಕೆ ನಾಲ್ಕು ಬಾರಿ ಪರೀಕ್ಷೆ ಮಾಡಿದರೆ ಅದು ನಿರಂತರ ಮೌಲ್ಯಮಾಪನವಾಗುವುದಿಲ್ಲ, ನಾಲ್ಕು ಸಣ್ಣ ಪರೀಕ್ಷೆಗಳಾಗುತ್ತವೆ ಅಷ್ಟೆ. 1967ರಲ್ಲಿ ಮೈಕೆಲ್ ಸ್ಕ್ರಿವೆನ್ ರೂಪಣಾತ್ಮಕ, ಸಂಕಲನಾತ್ಮಕ ಎಂಬ ವಿಭಾಗ ಮಾಡಿದಾಗ ಗಮನವಿದ್ದದ್ದು ಎಷ್ಟು ಸಲ ಅಳೆಯುತ್ತೇವೆ ಎಂಬುದರ ಮೇಲಲ್ಲ, ಅಳೆದದ್ದನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದರ ಮೇಲೆ. ಫಲಿತಾಂಶ ನೋಡಿ ನಾಳಿನ ಪಾಠ ಬದಲಾದರೆ ರೂಪಣಾತ್ಮಕ. ಫಲಿತಾಂಶ ನೋಡಿ ಮಗುವಿನ ಮುಂದಿನ ದಾರಿ ತೀರ್ಮಾನವಾದರೆ ಸಂಕಲನಾತ್ಮಕ. ಒಂದೇ ಪ್ರಶ್ನೆಪತ್ರಿಕೆ ಬಳಕೆಗೆ ತಕ್ಕಂತೆ ಇದೂ ಆಗಬಹುದು, ಅದೂ ಆಗಬಹುದು. ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಂದಕ್ಕೆ ಹೋಗಿ. ವ್ಯಾಖ್ಯಾನಗಳಲ್ಲೇ ಹತ್ತು ನಿಮಿಷ ಕಳೆಯುವುದು ನಮ್ಮ ಸೆಮಿನಾರುಗಳ ಹಳೇ ರೋಗ.

ಈಗ ಆ 20 ಅಂಕಕ್ಕೆ ಬನ್ನಿ. ಪ್ರೌಢಶಾಲೆಯಲ್ಲಿ ಎಫ್‌ಎ 1ರಿಂದ ಎಫ್‌ಎ 4ರವರೆಗೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಪ್ರತಿಯೊಂದರಲ್ಲೂ ಚಟುವಟಿಕೆಗಳಿರುತ್ತವೆ, ಒಂದು ಕಿರುಪರೀಕ್ಷೆ ಇರುತ್ತದೆ. ನಾಲ್ಕರ ಒಟ್ಟನ್ನು 20ಕ್ಕೆ ಇಳಿಸುತ್ತಾರೆ. ಅಂಕ ಹಂಚಿಕೆಯ ವಿವರ ಆಗಾಗ ಬದಲಾಗುತ್ತದೆ, ನಿಮ್ಮ ಅಭ್ಯಾಸ ಶಾಲೆಯಲ್ಲಿ ಈ ವರ್ಷದ ಸುತ್ತೋಲೆ ಕೇಳಿ ಪಡೆಯಿರಿ. ಕಾಗದದ ಮೇಲೆ ಲೆಕ್ಕ ಸರಳ: ಐದರಲ್ಲಿ ಒಂದು ಪಾಲು ನಿರಂತರ ಮೌಲ್ಯಮಾಪನದ್ದು, ನಾಲ್ಕು ಪಾಲು ಪರೀಕ್ಷೆಯದ್ದು. ಫಲಿತಾಂಶದಲ್ಲೂ ಹಾಗೇ ಆಗುತ್ತದೆಯೇ?

ಪರದೆಯ ಮೇಲೆ ಐದು ಮಕ್ಕಳನ್ನು ಹಾಕಿ. ಇವು ನಾನು ಕಟ್ಟಿದ ಅಂಕಗಳು, ಆದರೆ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಅಪರಿಚಿತವೇನಲ್ಲ. ಮೊದಲನೆಯವಳಿಗೆ ಲಿಖಿತದಲ್ಲಿ 70, ಆಂತರಿಕ 17. ಎರಡನೆಯವನಿಗೆ 62 ಮತ್ತು 19. ಮೂರನೆಯವಳಿಗೆ 45 ಮತ್ತು 19. ನಾಲ್ಕನೆಯವನಿಗೆ 31 ಮತ್ತು 18. ಐದನೆಯವನಿಗೆ 26 ಮತ್ತು 18. ಕೂಡಿದರೆ 87, 81, 64, 49, 44. ಲಿಖಿತದಲ್ಲಿ ಯಾವ ಕ್ರಮದಲ್ಲಿದ್ದರೋ ಒಟ್ಟಿನಲ್ಲೂ ಅದೇ ಕ್ರಮ. ಐವರಲ್ಲಿ ಅತಿ ಕಡಿಮೆ ಆಂತರಿಕ ಅಂಕ ಪಡೆದವಳೇ ಮೊದಲಿಗಳು. ಆಂತರಿಕದಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರ 2 ಅಂಕ, ಲಿಖಿತದಲ್ಲಿ 44. ಎಲ್ಲರಿಗೂ ಸಮನಾಗಿ ಸಿಗುವ ಅಂಕ ಯಾರನ್ನೂ ಮೇಲೆ ಕೆಳಗೆ ಮಾಡಲಾರದು. ಹೆಸರಿಗೆ 20 ಇದ್ದರೂ ಶ್ರೇಣಿ ನಿರ್ಣಯಿಸುವಲ್ಲಿ ಅದರ ಪಾತ್ರ ಸೊನ್ನೆಯ ಹತ್ತಿರ.

ಅಳತೆಶಾಸ್ತ್ರದವರು ಇದನ್ನು ಹೆಸರಿನ ತೂಕ, ನಿಜವಾದ ತೂಕ ಎಂದು ಬೇರೆ ಮಾಡುತ್ತಾರೆ. ಒಂದು ಭಾಗಕ್ಕೆ ಗರಿಷ್ಠ ಎಷ್ಟು ಅಂಕ ಎಂಬುದು ಹೆಸರಿನ ತೂಕ. ಆ ಭಾಗದಲ್ಲಿ ಮಕ್ಕಳ ಅಂಕಗಳು ಎಷ್ಟು ಹರಡಿಕೊಂಡಿವೆ, ಅಂದರೆ ಮಾನಕ ವಿಚಲನೆ ಎಷ್ಟು ಎಂಬುದರ ಮೇಲೆ ಹೆಚ್ಚಾಗಿ ನಿಜವಾದ ತೂಕ ನಿಲ್ಲುತ್ತದೆ. ನಿಮ್ಮ ಇಡೀ ಸೆಮಿನಾರಿನ ಬೆನ್ನೆಲುಬು ಇದೇ ಆಗಲಿ. ಇದು ತಿರುಗಿಯೂ ಬೀಳುತ್ತದೆ. ಆಂತರಿಕ, ಅಂತಿಮ ಎರಡಕ್ಕೂ 50-50 ಇರುವ ಒಂದು ಕಾಲೇಜನ್ನು ಊಹಿಸಿ. ಅಂತಿಮ ಪರೀಕ್ಷೆಯಲ್ಲಿ ಎಲ್ಲರೂ 22ರಿಂದ 30ರೊಳಗೆ ಬಂದು, ಆಂತರಿಕದಲ್ಲಿ 15ರಿಂದ 50ರವರೆಗೆ ಹರಡಿದ್ದರೆ ದರ್ಜೆ ತೀರ್ಮಾನಿಸುವವರು ಆ ಕಾಲೇಜಿನ ಮೇಷ್ಟ್ರೇ. ಆಗ ವಿಶ್ವವಿದ್ಯಾಲಯದ ಪರೀಕ್ಷೆ ಬರೀ ಶಾಸ್ತ್ರಕ್ಕೆ. ಹಾಗಾಗಿ "ನಮ್ಮಲ್ಲಿ ನಿರಂತರ ಮೌಲ್ಯಮಾಪನಕ್ಕೆ ಶೇ. 20" ಎಂದು ಯಾರಾದರೂ ಹೇಳಿದರೆ, ಆ ಇಪ್ಪತ್ತರ ಹರವು ಎಷ್ಟು ಎಂದು ಕೇಳುವುದನ್ನು ನಿಮ್ಮ ಸಹಪಾಠಿಗಳಿಗೆ ಕಲಿಸಿದರೂ ಸಾಕು.

ಶ್ರೇಣಿಯಲ್ಲಿ ಕೆಲಸ ಮಾಡದ ಆ ಅಂಕ ಪಾಸು-ಫೇಲಿನಲ್ಲಿ ಮಾತ್ರ ಭರ್ಜರಿ ಕೆಲಸ ಮಾಡಬಲ್ಲದು. ಐದನೆಯ ಹುಡುಗನನ್ನು ಮತ್ತೆ ನೋಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಬಹಳ ವರ್ಷ ನಡೆದುಬಂದ ನಿಯಮದಲ್ಲಿ 80ರ ಲಿಖಿತದಲ್ಲೇ ಕನಿಷ್ಠ 28 ಬರಬೇಕಿತ್ತು. ಅವನ 26 ಸಾಲದು, ಒಟ್ಟು 44 ಇದ್ದರೂ ಅನುತ್ತೀರ್ಣ. ಲಿಖಿತಕ್ಕೆ ಪ್ರತ್ಯೇಕ ಕನಿಷ್ಠವಿಲ್ಲದೆ ಎರಡನ್ನೂ ಸೇರಿಸಿ 35 ಬಂದರೆ ಸಾಕು ಎಂಬ ನಿಯಮವಿದ್ದರೆ ಅದೇ ಹುಡುಗ ಆರಾಮಾಗಿ ಪಾಸು. ಅಷ್ಟೇ ಅಲ್ಲ, 20ಕ್ಕೆ 20 ಆಂತರಿಕ ಸಿಕ್ಕವನಿಗೆ ಲಿಖಿತದಲ್ಲಿ 15 ಬಂದರೂ ಆಯಿತು. ಮಗು ಕಲಿತದ್ದರಲ್ಲಿ ಏನೂ ವ್ಯತ್ಯಾಸವಿಲ್ಲ, ನಿಯಮದ ಒಂದು ಸಾಲು ಬದಲಾಗಿದೆ ಅಷ್ಟೆ. ಉತ್ತೀರ್ಣತೆಯ ನಿಯಮವನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ, ನೀವು ಮಾತಾಡುವ ವರ್ಷದ ನಿಯಮವನ್ನೇ ಬಳಸಿ. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು 2022ರ ಸ್ಕೀಮಿನಲ್ಲಿ ಇದಕ್ಕೊಂದು ಉತ್ತರವಿದೆ: ಆಂತರಿಕ ಮೌಲ್ಯಮಾಪನವಾದ ಸಿಐಇಯಲ್ಲಿ ಶೇ. 40, ಸೆಮಿಸ್ಟರಿನ ಅಂತಿಮ ಪರೀಕ್ಷೆಯಾದ ಎಸ್‌ಇಇಯಲ್ಲಿ ಶೇ. 35, ಎರಡೂ ಸೇರಿ ಶೇ. 40, ಹೀಗೆ ಮೂರು ಕಡೆಯೂ ದಾಟಬೇಕು. ಒಂದರ ಕೊರತೆಯನ್ನು ಇನ್ನೊಂದು ಪೂರ್ತಿ ಮುಚ್ಚದಂತೆ ಹಾಕಿದ ಬೇಲಿ ಇದು.

ಆಂತರಿಕ ಅಂಕವೆಲ್ಲ 17, 18, 19ರಲ್ಲೇ ಏಕೆ ಮುದುಡಿಕೊಳ್ಳುತ್ತದೆ? ಶಿಕ್ಷಕರು ಸೋಮಾರಿಗಳು ಎಂದುಬಿಟ್ಟರೆ ನಿಮ್ಮ ಸೆಮಿನಾರ್ ಅಲ್ಲಿಗೇ ಮುಗಿಯಿತು. ಲೆಕ್ಕ ಹಾಕಿ ತೋರಿಸಿ. ಒಬ್ಬ ವಿಜ್ಞಾನ ಶಿಕ್ಷಕಿಗೆ ಮೂರು ತರಗತಿ, ತಲಾ 40 ಮಕ್ಕಳು. ಒಂದೊಂದು ಎಫ್‌ಎಗೆ ಎರಡು ಚಟುವಟಿಕೆ ಎಂದಿಟ್ಟುಕೊಂಡರೂ ನಾಲ್ಕು ಎಫ್‌ಎಗೆ 960 ಚಟುವಟಿಕೆಗಳನ್ನು ಆಕೆ ನೋಡಿ ಅಂಕ ಹಾಕಬೇಕು. ಕಿರುಪರೀಕ್ಷೆಯ 480 ಪತ್ರಿಕೆಗಳು ಬೇರೆ. ಒಂದು ಚಟುವಟಿಕೆಗೆ ಐದು ನಿಮಿಷ ಕೊಟ್ಟರೆ 80 ಗಂಟೆ. ಪಾಠ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಇವುಗಳ ನಡುವೆ ಆ 80 ಗಂಟೆ ಹುಟ್ಟಬೇಕು. ಹುಟ್ಟುವುದಿಲ್ಲ. ಇದರ ಜೊತೆಗೆ ಇನ್ನೊಂದಿದೆ: ತನ್ನ ಶಾಲೆಯ ಮಗುವಿಗೆ 11 ಹಾಕಿದ ಶಿಕ್ಷಕಿಗೆ, ಪಕ್ಕದ ಶಾಲೆಯಲ್ಲಿ ಎಲ್ಲರಿಗೂ 19 ಹಾಕಿದ್ದಾರೆಂದು ಗೊತ್ತು. ಪ್ರಾಮಾಣಿಕವಾಗಿ ಅಂಕ ಹಾಕಿದರೆ ನಷ್ಟ ಆಕೆಯ ಮಕ್ಕಳಿಗೇ. ಶಾಲೆಯಿಂದ ಶಾಲೆಗೆ ಅಂಕವನ್ನು ತೂಗಿ ಸರಿದೂಗಿಸುವ ಗಟ್ಟಿ ವ್ಯವಸ್ಥೆ ಇಲ್ಲದಿದ್ದರೆ ಧಾರಾಳವೇ ವಿವೇಕವಾಗುತ್ತದೆ. ಸಿಬಿಎಸ್‌ಇ 2009ರಲ್ಲಿ ತಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು, ಅಂದರೆ ಸಿಸಿಇಯನ್ನು, 2017ರಲ್ಲಿ ಕೈಬಿಟ್ಟು, 2018ರಿಂದ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಮತ್ತೆ ಎಲ್ಲರಿಗೂ ಕಡ್ಡಾಯ ಮಾಡಿದ ಕಥೆಯನ್ನು ಇಲ್ಲಿ ಒಂದು ಸಾಲಿನಲ್ಲಿ ತನ್ನಿ.

ಶಾಲೆಯೊಂದರಲ್ಲಿ ಇದು ಹಳಿ ತಪ್ಪಿದೆಯೇ ಎಂದು ದಾಖಲೆ ನೋಡಿದರೇ ಗೊತ್ತಾಗುತ್ತದೆ. ನಾಲ್ಕೂ ಎಫ್‌ಎಗಳ ಅಂಕ ಒಂದೇ ಪೆನ್ನಿನಲ್ಲಿ, ಒಂದೇ ದಿನ ಕೂತು ಬರೆದ ಹಾಗಿರುತ್ತದೆ. ಎಫ್‌ಎ 1ರಲ್ಲಿ 18 ಇದ್ದ ಮಗುವಿಗೆ ನಾಲ್ಕರಲ್ಲೂ 18. ಪ್ರಾಜೆಕ್ಟುಗಳೆಲ್ಲ ಬಜಾರಿನ ಸ್ಟೇಷನರಿ ಅಂಗಡಿಯ ಒಂದೇ ಚಾರ್ಟಿನಿಂದ ಹುಟ್ಟಿರುತ್ತವೆ. ಎಲ್ಲಕ್ಕಿಂತ ದೊಡ್ಡ ಸುಳಿವು ಬೇರೆಯೇ: ಎಫ್‌ಎ ಆದ ಮೇಲೆ ಯಾವ ಪಾಠವನ್ನಾದರೂ ಮತ್ತೆ ಹೇಳಿಕೊಟ್ಟ ಗುರುತು ಪಾಠಯೋಜನೆಯಲ್ಲಿ ಎಲ್ಲೂ ಇರುವುದಿಲ್ಲ.

ಹಾಗಾದರೆ ನಿರಂತರ ಮೌಲ್ಯಮಾಪನದ ನಿಜವಾದ ಶಕ್ತಿ ಎಲ್ಲಿದೆ? ಅಂಕದಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ಸಣ್ಣ ಉದಾಹರಣೆ ಕೊಡಿ. ಆರನೇ ತರಗತಿಯಲ್ಲಿ 1/2 + 1/3 ಎಷ್ಟು ಎಂದು ಬರೆಸಿ. ಕೆಲವು ಮಕ್ಕಳು 2/5 ಎಂದು ಬರೆದಿರುತ್ತಾರೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ. ಈ ತಪ್ಪಿಗೆ ಒಂದು ಅರ್ಥವಿದೆ. ಮಗು ಭಿನ್ನರಾಶಿಯನ್ನು ಒಂದು ಸಂಖ್ಯೆ ಎಂದು ನೋಡುತ್ತಿಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಬಿಡಿ ಸಂಖ್ಯೆಗಳು ಎಂದು ನೋಡುತ್ತಿದೆ. ಆಗಸ್ಟಿನಲ್ಲಿ ಇದು ಕಂಡರೆ ಶಿಕ್ಷಕಿ ಮರುದಿನ ಒಂದು ಕಾಗದದ ಪಟ್ಟಿ ಮಡಚಿ, 2/5 ಎಂಬುದು ಅರ್ಧಕ್ಕಿಂತಲೂ ಕಡಿಮೆ ಎಂದು ತೋರಿಸಬಹುದು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಎಂದು ಮಗುವೇ ತಲೆ ಕೆರೆದುಕೊಳ್ಳುತ್ತದೆ. ಇದೇ ತಪ್ಪು ಮಾರ್ಚಿನಲ್ಲಿ ಉತ್ತರಪತ್ರಿಕೆಯಲ್ಲಿ ಬಂದರೆ ಒಂದು ಕೆಂಪು ಗೆರೆ, ಒಂದು ಅಂಕ ಕಡಿತ. ಮುಂದಿನ ವರ್ಷದ ಶಿಕ್ಷಕಿಗೆ ಬರೀ ಮೊತ್ತ ತಲುಪುತ್ತದೆ, 2/5 ತಲುಪುವುದಿಲ್ಲ. ಅಂತಿಮ ಪರೀಕ್ಷೆಯ ಅತಿ ದೊಡ್ಡ ದೌರ್ಬಲ್ಯ ಒತ್ತಡವಲ್ಲ. ತಪ್ಪು ಕಾಣುವ ಹೊತ್ತಿಗೆ ತಿದ್ದುವವರೂ ತಿದ್ದಿಸಿಕೊಳ್ಳುವವರೂ ಬೇರೆಬೇರೆ ಕೋಣೆಗಳಿಗೆ ಹೋಗಿರುತ್ತಾರೆ.

ಇಲ್ಲಿ ಒಂದು ಅಧ್ಯಯನವನ್ನು ಧೈರ್ಯವಾಗಿ ಹೆಸರಿಸಬಹುದು. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳ ಕೆಲಸಕ್ಕೆ ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡೂ ಪಡೆದವರು ಹೆಚ್ಚುಕಡಿಮೆ ಬರೀ ಅಂಕ ಪಡೆದವರ ಹಾಗೇ ಉಳಿದರು. ಅಂಕ ಕಂಡ ಮಗು ಪಕ್ಕದವನ ಅಂಕ ನೋಡುತ್ತದೆಯೇ ಹೊರತು ಟಿಪ್ಪಣಿ ಓದುವುದಿಲ್ಲ ಎಂಬುದು ತರಗತಿಯಲ್ಲಿ ಪೇಪರ್ ಹಂಚಿದವರೆಲ್ಲ ಬಲ್ಲ ಸಂಗತಿ. ನಮ್ಮ ಎಫ್‌ಎಗಳಲ್ಲಿ ಪ್ರತಿ ಚಟುವಟಿಕೆಗೂ ಅಂಕ ಕಡ್ಡಾಯ, ಟಿಪ್ಪಣಿ ಐಚ್ಛಿಕ. ರೂಪಣಾತ್ಮಕ ಎಂದು ಹೆಸರಿಟ್ಟು ಸಂಕಲನಾತ್ಮಕದ ಕೆಲಸ ಮಾಡಿಸುತ್ತಿದ್ದೇವೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಅಂತಿಮ ಪರೀಕ್ಷೆಯ ಪರವಾಗಿ ವಾದಿಸುವಾಗಲೂ ಇಷ್ಟೇ ಪ್ರಾಮಾಣಿಕವಾಗಿರಿ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಸಮಯ, ಮಗುವಿನ ಮುಖ ಕಾಣದ ಮೌಲ್ಯಮಾಪಕರು, ಅನುಮಾನ ಬಂದರೆ ಉತ್ತರಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕುವ ಹಕ್ಕು. ಮೇಷ್ಟ್ರಿಗೆ ಯಾರ ಮೇಲೆ ಪ್ರೀತಿ, ಯಾರ ಮೇಲೆ ಸಿಟ್ಟು, ಯಾರ ಮಗ, ಯಾವ ಕೇರಿಯವನು, ಇವು ಯಾವುದೂ ಅಲ್ಲಿ ನಡೆಯುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳಿಗೆ ತನ್ನ ಊರಿನವರ ಅಭಿಪ್ರಾಯ ದಾಟಿಹೋಗಲು ಇರುವ ದಾರಿಗಳಲ್ಲಿ ಅದೂ ಒಂದು. ಆಂತರಿಕ ಅಂಕವನ್ನು ಬೆದರಿಕೆಯಾಗಿ ಬಳಸುವವರನ್ನು ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಆದರೆ ಪರೀಕ್ಷೆ ನಿಖರ ಎಂದು ಮಾತ್ರ ಹೇಳಬೇಡಿ. ವರ್ಷವಿಡೀ ಕಲಿತದ್ದರಲ್ಲಿ ಮೂರು ಗಂಟೆಗೆ ಹಿಡಿಯುವಷ್ಟು ಪ್ರಶ್ನೆಗಳನ್ನು ಆರಿಸಿದ್ದಾರೆ. ಬೇರೆ ಪ್ರಶ್ನೆ ಆರಿಸಿದ್ದರೆ ಅಂಕ ಬೇರೆಯಾಗುತ್ತಿತ್ತು. ಎಷ್ಟು ಬೇರೆ ಎಂಬುದಕ್ಕೆ ಸೂತ್ರವಿದೆ:

SEM = SD × √(1 − r)

SEM ಅಳತೆಯ ಮಾನಕ ದೋಷ, SD ಅಂಕಗಳ ಮಾನಕ ವಿಚಲನೆ, r ಪರೀಕ್ಷೆಯ ವಿಶ್ವಸನೀಯತೆ. ಉದಾಹರಣೆಗೆ SD 15, r 0.84 ಎಂದಿಟ್ಟುಕೊಳ್ಳಿ. ಶಾಲಾ ಪರೀಕ್ಷೆಗೆ 0.84 ಒಳ್ಳೆಯ ವಿಶ್ವಸನೀಯತೆಯೇ. 1 − 0.84 ಅಂದರೆ 0.16, ಅದರ ವರ್ಗಮೂಲ 0.4, ಹದಿನೈದರಿಂದ ಗುಣಿಸಿದರೆ 6. ಅಂದರೆ 33 ಬಂದ ಮಗು ಬೇರೊಂದು ಅಷ್ಟೇ ಸಮಂಜಸವಾದ ಪ್ರಶ್ನೆಪತ್ರಿಕೆಯಲ್ಲಿ 38 ಪಡೆದರೆ ಅಚ್ಚರಿಯಿಲ್ಲ, 28 ಪಡೆದರೂ ಇಲ್ಲ. 34ಕ್ಕೂ 35ಕ್ಕೂ ನಡುವೆ ಗೆರೆ ಎಳೆದು ಒಬ್ಬರನ್ನು ಈಚೆ ಒಬ್ಬರನ್ನು ಆಚೆ ನಿಲ್ಲಿಸುವಷ್ಟು ಸೂಕ್ಷ್ಮ ಈ ಅಳತೆಗೆ ಇಲ್ಲ.

2023-24ರಲ್ಲಿ ನಮ್ಮಲ್ಲಿ ಬಂದ ಪರೀಕ್ಷೆ 1, 2, 3ರ ವ್ಯವಸ್ಥೆ ಒಂದೇ ದಿನದ ದುರದೃಷ್ಟಕ್ಕೆ ಕೊಟ್ಟ ಉತ್ತರ. ಒಳ್ಳೆಯದೇ. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಿ: ಅದರಲ್ಲಿ ಮೂರರ ಪೈಕಿ ಅತಿ ಹೆಚ್ಚಿನದನ್ನು ಉಳಿಸಿಕೊಳ್ಳುವುದು, ಸರಾಸರಿ ತೆಗೆಯುವುದಲ್ಲ. ಸರಾಸರಿ ತೆಗೆದರೆ ಅದೃಷ್ಟವೂ ದುರದೃಷ್ಟವೂ ಒಂದನ್ನೊಂದು ಅಳಿಸುತ್ತವೆ. ಅತಿ ಹೆಚ್ಚಿನದನ್ನು ಇಟ್ಟುಕೊಂಡರೆ ಅದೃಷ್ಟ ಮಾತ್ರ ಉಳಿಯುತ್ತದೆ. ಮೇಲಿನ 6 ಅಂಕದ ದೋಷವನ್ನೇ ಹಿಡಿದರೆ, ಒಂದಕ್ಷರ ಹೆಚ್ಚು ಓದದೆ ಮೂರೂ ಬರೆದವನಿಗೆ ಸರಾಸರಿಯಲ್ಲಿ ಸುಮಾರು 5 ಅಂಕ ಏರುತ್ತದೆ. ಮಕ್ಕಳು ನಡುವೆ ಓದಿಯೂ ಇರುತ್ತಾರೆ ಎನ್ನಿ, ಆದರೆ ಏರಿದ ಅಂಕದಲ್ಲಿ ಯಾವುದು ಓದಿನದು, ಯಾವುದು ಅದೃಷ್ಟದ್ದು ಎಂದು ಬಿಡಿಸಲಾಗದು.

ಪರೀಕ್ಷೆ ನಡೆಸುವ ರೀತಿಯೂ ಪರೀಕ್ಷೆಯ ಭಾಗ ಎಂದು ತೋರಿಸಲು 2024ರ ಫಲಿತಾಂಶ ಬಳಸಿ. ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಆ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಇಳಿಕೆಯೆಲ್ಲ ಕ್ಯಾಮೆರಾದ್ದೇ ಎಂದು ಹೇಳುವಂತಿಲ್ಲ. ಆದರೆ "ಆಂತರಿಕ ಅಂಕ ನಂಬುವಂತಿಲ್ಲ, ಪರೀಕ್ಷೆ ನಂಬಬಹುದು" ಎಂದು ಯಾರಾದರೂ ಎದ್ದರೆ, ಯಾವ ವರ್ಷದ ಪರೀಕ್ಷೆ ಎಂದು ಕೇಳಲು ನಿಮಗೆ ಅವಕಾಶವಿದೆ.

ಇನ್ನು ನಿಮ್ಮ ಸ್ವಂತ ಕೆಲಸ. ಅಭ್ಯಾಸ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಹೆಸರುಗಳನ್ನು ಬಿಟ್ಟು, ಒಂದು ವಿಭಾಗದ ಒಂದು ವಿಷಯದ ಅಂಕಗಳನ್ನು ಮಾತ್ರ ಬರೆದುಕೊಳ್ಳಿ: 20ಕ್ಕೆ ಇಳಿಸಿದ ಎಫ್‌ಎ ಮೊತ್ತ ಒಂದು ಕಾಲಂ, ಪೂರ್ವಸಿದ್ಧತಾ ಪರೀಕ್ಷೆಯ 80ರ ಅಂಕ ಇನ್ನೊಂದು. ಎಕ್ಸೆಲ್‌ನಲ್ಲಿ ಹೀಗೆ ಕೊಟ್ಟರೆ ಎರಡರ ಹರವೂ ಬರುತ್ತದೆ:

```
=STDEV.P(A2:A41)
=STDEV.P(B2:B41)
=CORREL(A2:A41,B2:B41)
```

ಮೊದಲನೆಯದು 1ರ ಆಸುಪಾಸು, ಎರಡನೆಯದು 15ರ ಆಸುಪಾಸು ಬಂದರೆ ನಿಮ್ಮ ವಾದ ಅಲ್ಲೇ ನಿಂತಿತು. ಹಾಗೆ ಬರದೆ ಎಫ್‌ಎ ಅಂಕ 8ರಿಂದ 20ರವರೆಗೆ ಹರಡಿದ್ದರೆ ಇನ್ನೂ ಸ್ವಾರಸ್ಯ, ಆ ಶಿಕ್ಷಕರು ಹೇಗೆ ಸಮಯ ಹೊಂದಿಸಿದರು ಎಂದು ಕೇಳಿ ಬನ್ನಿ. ಮೂರನೇ ಸಾಲಿನ ಸಹಸಂಬಂಧ ತುಂಬಾ ಕಡಿಮೆ ಬಂದರೆ ಕೂಡಲೇ "ಎಫ್‌ಎ ಸುಳ್ಳು" ಎಂದು ತೀರ್ಪು ಕೊಡಬೇಡಿ. ಎಲ್ಲರೂ 18-19ರಲ್ಲೇ ಇದ್ದಾಗ ಸಹಸಂಬಂಧ ತಾನಾಗಿಯೇ ಕುಗ್ಗುತ್ತದೆ. ಮೌಖಿಕ, ಪ್ರಯೋಗದ ಕೌಶಲಗಳನ್ನು ಲಿಖಿತ ಪರೀಕ್ಷೆ ಮುಟ್ಟದೇ ಇರುವುದೂ ಕಾರಣವಿರಬಹುದು.

ಸಮಯವನ್ನು ಹೀಗೆ ಹಂಚಿ: ವ್ಯಾಖ್ಯಾನಕ್ಕೆ 2 ನಿಮಿಷ, ಐದು ಮಕ್ಕಳ ಲೆಕ್ಕ ಮತ್ತು ನಿಮ್ಮ ಶಾಲೆಯ ಅಂಕಗಳಿಗೆ 8, ಭಿನ್ನರಾಶಿಯ ಉದಾಹರಣೆ ಮತ್ತು ಬಟ್ಲರ್‌ಗೆ 4, ಪರೀಕ್ಷೆಯ ಬಲ ಮತ್ತು ದೋಷಕ್ಕೆ 4, ನಿಮ್ಮ ನಿಲುವಿಗೆ 2. ಸ್ಲೈಡ್ ಆರು ದಾಟದಿರಲಿ. ನಿಲುವು ನಿಮ್ಮದೇ ಇರಬೇಕು. ನನ್ನದು ಕೇಳಿದರೆ, ಎಫ್‌ಎಗಳನ್ನು ಉಳಿಸಿ ಅದರ ಅಂಕವನ್ನು ಅಂಕಪಟ್ಟಿಯಿಂದ ಬಿಡಿಸಬೇಕು. ಪ್ರಯೋಗ, ಮಾತು, ಯೋಜನೆ ಮುಂತಾಗಿ ಲಿಖಿತ ಪರೀಕ್ಷೆ ಅಳೆಯಲಾರದ ಒಂದೆರಡನ್ನು ಮಾತ್ರ ಹೊರಗಿನ ಪರೀಕ್ಷಕರ ಎದುರು ಅಳೆದು ಸೇರಿಸಬೇಕು.

ಇದಕ್ಕೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: "ಅಂಕವಿಲ್ಲದಿದ್ದರೆ ಮಕ್ಕಳು ಮಾಡುತ್ತಾರೇನ್ರೀ?" ಎಲ್ಲರೂ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಿ. ಆದರೆ ಮಾಡಿದವರಿಗೂ ಮಾಡದವರಿಗೂ 18 ಸಿಗುವ ಈಗಿನ ಪದ್ಧತಿಯಲ್ಲಿ ಅಂಕ ಯಾರಿಂದ ಏನು ಮಾಡಿಸುತ್ತಿದೆ ಎಂದು ತಿರುಗಿ ಕೇಳಿ. ಇನ್ನೊಂದು ಪ್ರಶ್ನೆ ಕಾನೂನಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ವ್ಯಾಪಕ ಮತ್ತು ನಿರಂತರ ಮೌಲ್ಯಮಾಪನವನ್ನು ಹೇಳುತ್ತದೆ, 30ನೇ ಸೆಕ್ಷನ್ ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡ ಎನ್ನುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯ ಕೊನೆಗೆ ನಿಯಮಿತ ಪರೀಕ್ಷೆಗೆ ದಾರಿ ಮಾಡಿತು. 2024ರಲ್ಲಿ ನಮ್ಮ 5, 8, 9ನೇ ತರಗತಿಯ ಬೋರ್ಡ್ ಮಟ್ಟದ ಮೌಲ್ಯಾಂಕನ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ರದ್ದಾಗಿ, ವಿಭಾಗೀಯ ಪೀಠದಲ್ಲಿ ಊರ್ಜಿತವಾಗಿ, ಕೊನೆಗೆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಡೆ ಕಂಡಿತು. ನಿಯಮಿತ ಪರೀಕ್ಷೆಗೂ ಬೋರ್ಡ್ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲು ಮನೆಯಲ್ಲೇ ತಯಾರಾಗಿ ಹೋಗಿ. ಕೇಳುವವರು ಹಿಡಿಯುವುದು ಅಲ್ಲೇ.